ಯಮನೂರಪ್ಪ ಸುಮ್ಮನಿದ್ದ ಹೊತ್ತು

ಮೂರು ದಿನದ ಮದುವೆಯನ್ನು ಒಂದು ಹಾಡಿನಷ್ಟು ಉದ್ದಕ್ಕೆ ಇಳಿಸಿಕೊಡುವುದು ಮೌನೇಶ್ವರಿಯ ಕಸುಬು. ಸಿಂಧನೂರಿನ ಕುಷ್ಟಗಿ ರಸ್ತೆಯಲ್ಲಿ ಶಾಹೀನ್‌ಳ ಹೊಲಿಗೆ ಅಂಗಡಿಗೆ ಹೊಂದಿಕೊಂಡ ಒಂದು ಕೋಣೆ, ಅದರಲ್ಲಿ ಎರಡು ಪರದೆಯ ಒಂದು ಕಂಪ್ಯೂಟರ್, ಗೋಡೆಗೆ ತಗುಲಿಸಿದ ಹಳೆಯ ಟಿವಿ. ಇಷ್ಟರಲ್ಲೇ ಅವಳು ಸುತ್ತಲಿನ ಹತ್ತೂರಿನ ಮದುವೆಗಳನ್ನು ಕತ್ತರಿಸಿ ಕೂಡಿಸಿದ್ದಳು. ನಮ್ಮ ಸೋದರಮಾವ ವಿಡಿಯೋದಲ್ಲಿ ಕಾಣಲಿಲ್ಲ ಎಂದು ಜಗಳಕ್ಕೆ ಬಂದವರು ಬಹಳ ಕಡಿಮೆ. ಅಷ್ಟು ಪಳಗಿದ ಕೈ ಅದು.

ಹಾಗಾಗಿ ಸಂತೆಕಲ್ಲೂರಿನ ಗಂಗಾದೇವಿ ಒಂದು ಹಾರ್ಡ್ ಡಿಸ್ಕ್ ಹಿಡಿದು ಬಂದು, "ಅಕ್ಕಾ, ನಲವತ್ತು ನಿಮಿಷದ ಸಿನಿಮಾ ಐತಿ, ಹತ್ತು ನಿಮಿಷ ಆಗಬೇಕು. ಆಗ್ತದೇನು?" ಎಂದು ಕೇಳಿದಾಗ ಮೌನೇಶ್ವರಿ ಒಂದೇ ಮಾತು ಹೇಳಿದಳು.

"ಯಾಕ ಆಗಂಗಿಲ್ಲ? ಕೂಡು."

ಗಂಗಾದೇವಿ ಲಿಂಗಸುಗೂರಿನ ಒಂದು ಯೂಟ್ಯೂಬ್ ಸುದ್ದಿ ಚಾನೆಲ್‌ನಲ್ಲಿ ಕ್ಯಾಮೆರಾ ಹಿಡಿಯುವವಳು. ರಜೆ ಸಿಕ್ಕಾಗಲೆಲ್ಲ ತನ್ನ ತಾಯಿ ಹೊನ್ನೂರಮ್ಮನ ಹಿಂದೆ ಕ್ಯಾಮೆರಾ ಹಿಡಿದು ನಡೆದಿದ್ದಳು. ಹೊನ್ನೂರಮ್ಮ ಕುರಿ ಕಾಯುವವಳು. ಜೋಳದ ಸೀಮೆಯ ಸಂತೆಕಲ್ಲೂರಿನಲ್ಲಿ ಮೇವು ತೀರುತ್ತಿದ್ದಂತೆ ಹಿಂಡು ಹೊಡೆದುಕೊಂಡು ಮಸ್ಕಿ ದಾಟಿ, ಕಾಲುವೆ ನೀರಿನ ಗೊರೇಬಾಳದ ಕಡೆ ಬರುತ್ತಿದ್ದಳು. ಅಲ್ಲಿ ನೆಲ್ಲು ಕೊಯ್ದ ಗದ್ದೆಗಳಲ್ಲಿ ಕುರಿ ತರುಬುತ್ತಿದ್ದಳು. ಹಗಲು ಕುರಿ ಕೂಳೆ ಮೇಯುತ್ತವೆ, ರಾತ್ರಿ ಅದೇ ಗದ್ದೆಯಲ್ಲಿ ಮಲಗುತ್ತವೆ, ಗದ್ದೆಗೆ ಗೊಬ್ಬರವಾಗುತ್ತದೆ. ಈ ನಡಿಗೆಯೇ ಗಂಗಾದೇವಿಯ ಸಿನಿಮಾ. ಚಿತ್ರೀಕರಿಸಿದ್ದರಲ್ಲಿ ಒಳ್ಳೆಯದೆನಿಸಿದ್ದನ್ನೆಲ್ಲ ಒಂದರ ಹಿಂದೆ ಒಂದು ಜೋಡಿಸಿದ್ದಳು. ಆ ಕಚ್ಚಾ ಜೋಡಣೆಯೇ ನಲವತ್ತು ನಿಮಿಷ. ಲಿಂಗಸುಗೂರಿನ ಒಂದು ಕಾಲೇಜಿನಲ್ಲಿ ನಡೆಯುವ ಕಿರುಚಿತ್ರ ಸ್ಪರ್ಧೆಗೆ ಅದನ್ನು ಕಳಿಸಬೇಕಿತ್ತು. ಹೆಸರುಗಳೂ ಸೇರಿ ಹತ್ತು ನಿಮಿಷ ಮೀರಿದರೆ ತೆಗೆದುಕೊಳ್ಳುವುದಿಲ್ಲ ಎಂದು ನಿಯಮದಲ್ಲಿ ದಪ್ಪ ಅಕ್ಷರದಲ್ಲಿತ್ತು.

ಮೌನೇಶ್ವರಿ ಮೊದಲು ಮಾಡಿದ್ದು ಕತ್ತರಿಸುವ ಕೆಲಸವಲ್ಲ. ಗಂಗಾದೇವಿಯ ಜೋಡಣೆಯನ್ನು ಹಾಗೇ ಬದಿಗಿಟ್ಟು ಅದರ ಇನ್ನೊಂದು ಪ್ರತಿ ಮಾಡಿಕೊಂಡಳು. "ಅಸಲು ಮುಟ್ಟಬಾರದು. ನಾಳೆ ಕಳಕೊಂಡಿದ್ದು ಬೇಕು ಅನಿಸಿದ್ರ ಎಲ್ಲಿ ಹುಡುಕೂದು?" ಎಂದಳು. ಆಮೇಲೆ ಕುರ್ಚಿಯನ್ನು ಹಿಂದಕ್ಕೆ ಎಳೆದುಕೊಂಡು ಇಡೀ ಸಿನಿಮಾವನ್ನು ನಿಲ್ಲಿಸದೆ ನೋಡಿದಳು. ನಡುವೆ ಗಂಗಾದೇವಿ, "ಇಲ್ಲಿ ನೋಡಕ್ಕ, ಇದನ್ನ ತಗಿಯಾಕ..." ಎಂದು ಬಾಯಿ ತೆರೆದರೆ ಕೈ ಎತ್ತಿ ಸುಮ್ಮನಿರಿಸಿದಳು.

ಮುಗಿದ ಮೇಲೆ ಕೇಳಿದಳು, "ಈ ಸಿನಿಮಾ ಏನರ ಬಗ್ಗೆ? ಒಂದ ಮಾತಿನ್ಯಾಗ ಹೇಳು."

"ನಮ್ಮವ್ವನ ಬಗ್ಗೆ. ಕುರಿ ಬಗ್ಗೆ. ಕಾಲುವೆ ಬಂದ ಮ್ಯಾಲ ಏನೇನು ಬದಲಾತು, ಉಣ್ಣೆಗೆ ಬೆಲೆ ಯಾಕ ಹೋತು, ಹೆಣ್ಮಕ್ಕಳು..."

"ಅದು ನಲವತ್ತು ನಿಮಿಷದ್ದು. ಹತ್ತರಾಗ ಒಂದ ಪ್ರಶ್ನಿ ಹಿಡಿಸ್ತದ. ನಿಮ್ಮವ್ವಗ ಏನು ಬೇಕಾಗ್ಯದ?"

ಗಂಗಾದೇವಿ ಪರದೆಯ ಕಡೆ ಬೆರಳು ತೋರಿಸಿದಳು. "ಕುರಿ ತರುಬಾಕ ಒಂದು ಗದ್ದಿ."

"ಸಿಕ್ತದೋ ಇಲ್ಲೋ, ಅದಾ ಸಿನಿಮಾ," ಎಂದಳು ಮೌನೇಶ್ವರಿ.

ಮದುವೆ ಕಾರ್ಡುಗಳ ಖಾಲಿ ಬೆನ್ನಿನ ಮೇಲೆ ಇಬ್ಬರೂ ಒಂದೊಂದು ದೃಶ್ಯವನ್ನು ಬರೆದು, ಎಷ್ಟು ಉದ್ದವಿದೆ ಎಂದು ಮೂಲೆಯಲ್ಲಿ ಗುರುತು ಹಾಕಿ ನೆಲದ ಮೇಲೆ ಹರಡಿದರು. ಗದ್ದೆಯ ಪ್ರಶ್ನೆಗೆ ಸಂಬಂಧವಿಲ್ಲದ್ದೆಲ್ಲ ಬಾಗಿಲ ಕಡೆ ಹೋಯಿತು. ಉಣ್ಣೆ ಕತ್ತರಿಸುವುದು ಹೋಯಿತು. ಗಂಗಾದೇವಿಯ ತಂದೆ ಆದೆಪ್ಪ ಕಂಬಳಿಯ ಬಗ್ಗೆ ಹೇಳಿದ ಸೊಗಸಾದ ಕತೆ ಹೋಯಿತು. ಮಸ್ಕಿಯ ನಿವೃತ್ತ ಮೇಷ್ಟ್ರು ಪಂಪಣ್ಣನವರು ಕುರ್ಚಿಯಲ್ಲಿ ಕುಳಿತು ಕಾಲುವೆಯ ಇತಿಹಾಸ ಹೇಳಿದ್ದು ಪೂರ್ತಿ ಹೋಯಿತು.

"ಪಂಪಣ್ಣ ಸರ್ ಎಲ್ಲರಿಗೂ ಹೇಳ್ಯಾರ, ನಾ ಸಿನಿಮಾದಾಗ ಅದೀನಿ ಅಂತ," ಎಂದು ಗಂಗಾದೇವಿ ಅಳುಮೋರೆ ಮಾಡಿದಳು.

"ಅವರ ಹೆಸರು ಕೊನಿಗೆ ಹಾಕೂಣು. ಅವರು ಹೇಳಿದ್ದನ್ನ ನಿಮ್ಮವ್ವ ನಡದು ತೋರ್ಸ್ಯಾಳ. ಎರಡೆರಡು ಸಾರಿ ಹೇಳಾಕ ನಮ್ಮ ಕಡೆ ಪುರುಸೊತ್ತಿಲ್ಲ."

ಆ ದಿನ ಸಂಜೆಯ ಹೊತ್ತಿಗೆ ಸಿನಿಮಾ ಇಪ್ಪತ್ತು ನಿಮಿಷದ ಸುತ್ತಮುತ್ತ ಬಂತು. ಅದು ಸುಲಭದ ಅರ್ಧ. ಇಡೀ ಇಡೀ ದೃಶ್ಯ ಎತ್ತಿ ಆಚೆ ಇಡುವುದಕ್ಕೆ ಗಟ್ಟಿ ಮನಸ್ಸು ಸಾಕು. ಉಳಿದ ದೃಶ್ಯಗಳ ಒಳಗಿನಿಂದಲೇ ಇನ್ನರ್ಧ ತೆಗೆಯುವುದು ಬೇರೆ ಕೆಲಸ. ಅದಕ್ಕೆ ಮೌನೇಶ್ವರಿ ಸಿನಿಮಾದ ನಡೆ ಹೇಗಿರಬೇಕೆಂದು ಒಂದು ಚೀಟಿ ಬರೆದು ಟಿವಿಯ ಪಕ್ಕ ಅಂಟಿಸಿದಳು. ಶುರುವಿನ ಅರ್ಧ ನಿಮಿಷದೊಳಗೆ ಹೊನ್ನೂರಮ್ಮ ಯಾರು, ಅವಳಿಗೆ ಏನು ಬೇಕು ಎನ್ನುವುದು ಗೊತ್ತಾಗಬೇಕು. ದಾರಿಯ ಶಾಟುಗಳು ಮುಂದೆ ಹೋದಂತೆ ಚಿಕ್ಕವಾಗಬೇಕು, ಮಸ್ಕಿ ದಾಟಿದ ಮೇಲೆ ನೋಡುವವರಿಗೂ ಅವಸರ ಹತ್ತಬೇಕು. ಗೊರೇಬಾಳದ ಗದ್ದೆಯ ಮಾಲಕ ಯಮನೂರಪ್ಪ ಒಲ್ಲೆ ಎನ್ನುವುದು ನಡುಮಧ್ಯೆ ಬರಬೇಕು. ಸಾಲಗುಂದದಲ್ಲಿ ಬೇರೆ ಗದ್ದೆ ಸಿಕ್ಕ ಮೇಲೆ ಎಲ್ಲವೂ ನಿಧಾನವಾಗಬೇಕು, ಕುರಿ ಮಲಗುವಷ್ಟು ನಿಧಾನ.

ಮಾರನೆಯ ದಿನ ಗಂಗಾದೇವಿ ಪಕ್ಕದಲ್ಲಿ ಕುಳಿತು ಅವಳ ಕೈ ನೋಡುತ್ತಿದ್ದಳು. ಹೊನ್ನೂರಮ್ಮ ಕಟ್ಟೆ ಹತ್ತುವ ಶಾಟು. ಹತ್ತಿ ಮುಗಿಸುವ ಮೊದಲೇ ಮೌನೇಶ್ವರಿ ಕತ್ತರಿಸಿ, ಆಚೆ ಕಡೆ ಇಳಿಯುವುದಕ್ಕೆ ಕೂಡಿಸಿದಳು. ಮುಂದಿನ ದೃಶ್ಯದ ಸದ್ದನ್ನು ಹಿಂದಿನ ಚಿತ್ರದ ಕೆಳಗೇ ಎಳೆದು ತಂದಳು. ಮಸ್ಕಿಯ ಬಸ್ಸಿನ ಹಾರ್ನ್ ಹೊಲದ ದಾರಿಯಲ್ಲಿದ್ದಾಗಲೇ ಕೇಳಿಸಿತು, ಮರುಕ್ಷಣ ಹಿಂಡು ರಸ್ತೆಯ ಮೇಲಿತ್ತು.

"ನಡದಿದ್ದೆಲ್ಲಾ ಎಲ್ಲಿ ಹೋತಕ್ಕ?" ಗಂಗಾದೇವಿಗೆ ಸೋಜಿಗ.

"ನೋಡೋರು ತಮ್ಮ ತಲ್ಯಾಗ ತಾವಾ ನಡೀತಾರ. ಅವರಿಗೂ ಸ್ವಲ್ಪ ಕೆಲಸ ಕೊಡಬೇಕು."

ಒಂದು ಕಡೆ ಮಾತ್ರ ಜಗಳವಾಯಿತು. ಮಸ್ಕಿ ಬೆಟ್ಟದ ಮೇಲಿನಿಂದ ಮುಂಜಾನೆ ತೆಗೆದ ಒಂದು ಶಾಟು: ಕೆಳಗೆ ಮಂಜು, ಮಂಜಿನೊಳಗೆ ರಸ್ತೆ, ರಸ್ತೆಯ ಮೇಲೆ ಬಿಳಿ ದಾರದಂತೆ ಎಳೆಯಾಗಿ ಹೋಗುವ ಹಿಂಡು. ಅದಕ್ಕಾಗಿ ಗಂಗಾದೇವಿ ಕತ್ತಲಲ್ಲೇ ಎದ್ದು ಎಷ್ಟೋ ಸಲ ಬೆಟ್ಟ ಹತ್ತಿದ್ದಳು. ಅವಳ ಜೋಡಣೆಯಲ್ಲಿ ಅದು ನಾಲ್ಕು ನಿಮಿಷ ಇತ್ತು. ಮೌನೇಶ್ವರಿ ಅರ್ಧ ನಿಮಿಷಕ್ಕೆ ಇಳಿಸಿದಾಗ ಗಂಗಾದೇವಿ ಎದ್ದು ಹೊರಗೆ ಹೋಗಿ ಚಹಾ ಕುಡಿದು ಬಂದಳು. ಮತ್ತೆ ಕೂತಾಗ, "ಶುರುವಿಗೆ ಅದಾ ಇರಲಿ, ಅಷ್ಟರ ಮಾಡು," ಎಂದಳು. ಶಾಟು ಮೌನೇಶ್ವರಿಗೂ ಹಿಡಿಸಿತ್ತು. ಇರಲಿ ಎಂದಳು.

ಯಮನೂರಪ್ಪನ ದೃಶ್ಯವನ್ನು ಅವಳು ಕೊನೆಗೆ ಮುಟ್ಟಿದಳು. ಜೋಡಣೆಯಲ್ಲಿ ಅದು ಆರು ನಿಮಿಷ. ಹೊನ್ನೂರಮ್ಮ ಗದ್ದೆಯ ಬದುವಿನಲ್ಲಿ ನಿಂತು, "ಈ ವರ್ಷ ತರುಬಲೇನಣ್ಣಾ?" ಎಂದು ಕೇಳುತ್ತಾಳೆ. ಯಮನೂರಪ್ಪ ಏನೇನೋ ಮಾಡುತ್ತಾನೆ. ಕೂರುತ್ತಾನೆ, ಮಣ್ಣು ಎತ್ತುತ್ತಾನೆ, ಕಾಲುವೆಯ ಕಡೆ ನೋಡುತ್ತಾನೆ. ಆಮೇಲೆ ಬೇಡ ಎನ್ನುತ್ತಾನೆ, ಕಾರಣ ಹೇಳುತ್ತಾನೆ, ಚಹಾ ತರಿಸುತ್ತಾನೆ. ಮೌನೇಶ್ವರಿ ಪ್ರಶ್ನೆಗೆ ನೇರ ಉತ್ತರವನ್ನು ತಂದು ಜೋಡಿಸಿದಳು. "ಈ ವರ್ಷ ತರುಬಲೇನಣ್ಣಾ?" "ಈ ಸಾರಿ ಬ್ಯಾಡಬೇ." ಹೊನ್ನೂರಮ್ಮನ ಮುಖ. ತಿರುಗಿ ಹೊರಟ ಹಿಂಡು. ಕೆಳಗೆ ಸಣ್ಣಗೆ ಒಂದು ಕೊಳಲು. ಎಲ್ಲ ಸೇರಿ ಮುಕ್ಕಾಲು ನಿಮಿಷವೂ ಇಲ್ಲ.

ಇಡೀ ಸಿನಿಮಾ ಹೆಸರುಗಳೂ ಸೇರಿ ಒಂಬತ್ತು ನಿಮಿಷ ಐವತ್ತು ಸೆಕೆಂಡಿಗೆ ಬಂತು. ಸಿನಿಮಾದ ಬಗ್ಗೆ ಏನೂ ಗೊತ್ತಿಲ್ಲದ ಒಬ್ಬರಿಗೆ ತೋರಿಸಬೇಕು ಎನ್ನುವುದು ಮೌನೇಶ್ವರಿಯ ಪದ್ಧತಿ. ಪಕ್ಕದ ಅಂಗಡಿಯಿಂದ ಶಾಹೀನ್‌ಳನ್ನು ಕರೆದು ಟಿವಿಯ ಮುಂದೆ ಕೂರಿಸಿ, ತಾನು ಟಿವಿ ನೋಡದೆ ಶಾಹೀನ್‌ಳನ್ನೇ ನೋಡುತ್ತ ನಿಂತಳು. ಎಲ್ಲಿ ಕಣ್ಣು ಆಚೆ ಹೋಗುತ್ತದೆ, ಎಲ್ಲಿ ಮೊಬೈಲ್ ಮುಟ್ಟುತ್ತಾಳೆ ಎಂದು ಗಮನಿಸಿದಳು. ಶಾಹೀನ್ ಎಲ್ಲಿಯೂ ಕದಲಲಿಲ್ಲ. ಮುಗಿದ ಮೇಲೆ ಅಳತೆಯ ಟೇಪು ಕೊರಳಿಗೆ ಹಾಕಿಕೊಳ್ಳುತ್ತ, "ಎಂಥ ಮನಷ್ಯಾರೀ ಅವ, ಗದ್ದಿ ಮಾಲಕ! ಮಖಕ್ಕ ಹೊಡದಂಗ ಬ್ಯಾಡ ಅಂದಬಿಟ್ನಲ್ಲ!" ಎಂದಳು.

ಮೌನೇಶ್ವರಿ ಗಂಗಾದೇವಿಯ ಕಡೆ ನೋಡಿ ಹುಬ್ಬು ಹಾರಿಸಿದಳು. ಕತ್ತರಿ ಸರಿಯಾದ ಜಾಗಕ್ಕೆ ಬಿದ್ದಿತ್ತು.

ಗಂಗಾದೇವಿಗೆ ಒಂದು ಕೆಲಸ ಉಳಿದಿತ್ತು. ಸಿನಿಮಾದಲ್ಲಿ ಮಾತಾಡಿದವರಿಗೆಲ್ಲ ಕಳಿಸುವ ಮೊದಲು ತೋರಿಸುತ್ತೇನೆ ಎಂದು ಮಾತು ಕೊಟ್ಟಿದ್ದಳು. "ಯಮನೂರಣ್ಣಗ ತೋರಸಾಕ ನೀನೂ ಬಾ ಅಕ್ಕ, ನನಗ ಒಬ್ಬಾಕಿಗೆ ಧೈರ್ಯ ಸಾಲದು," ಎಂದಳು. ಮೌನೇಶ್ವರಿ ಲ್ಯಾಪ್‌ಟಾಪ್ ಚೀಲಕ್ಕೆ ಹಾಕಿಕೊಂಡು ಅವಳ ಬೈಕಿನ ಹಿಂದೆ ಕೂತಳು.

ಗೊರೇಬಾಳದಲ್ಲಿ ಯಮನೂರಪ್ಪ ಮನೆಯ ಮುಂದೆಯೇ ಇದ್ದ. ಐವತ್ತರ ಮೇಲಿನ ಎತ್ತರದ ಆಳು, ಮಾತು ಕಡಿಮೆ. ಹೆಂಡತಿ ಲಕ್ಷ್ಮಿದೇವಿ ಒಳಗಿನಿಂದ ಬಂದು ಬಾಗಿಲಿಗೆ ಒರಗಿ ನಿಂತಳು. ಬಿಸಿಲು ಪರದೆಗೆ ಬೀಳದಂತೆ ಲ್ಯಾಪ್‌ಟಾಪನ್ನು ಜಗುಲಿಯ ಒಳಗಿಟ್ಟು, ಹತ್ತು ನಿಮಿಷ ಮೀರುವಂತಿಲ್ಲ ಎಂದು ಹೇಳಿ ಸಿನಿಮಾ ಹಾಕಿದರು. ತನ್ನ ಗದ್ದೆ ಬಂದಾಗ ಯಮನೂರಪ್ಪ ಮುಂದಕ್ಕೆ ಬಾಗಿದ. ತನ್ನ ಮಾತು ಕೇಳಿದ. ಹಿಂಡು ತಿರುಗಿತು.

ಅಲ್ಲಿಗೇ ಲಕ್ಷ್ಮಿದೇವಿ, "ಹಿಂಗಂದೇನು ನೀ ಆಕಿಗೆ?" ಎಂದು ಗಂಡನನ್ನು ಕೇಳಿದಳು.

ಯಮನೂರಪ್ಪ ತಡಿ ಎಂದು ಕೈ ಎತ್ತಿದ. ಸಿನಿಮಾ ಪೂರ್ತಿ ನೋಡಿದ. ಆಮೇಲೆ ಗಂಗಾದೇವಿಗೆ ಹೇಳಿದ, "ಚಲೋ ಮಾಡೀಯವ್ವ. ಕಳಸು."

"ನಿಮ್ಮ ಮಾತು ಇರಬಹುದಲ್ಲರೀ ಅಣ್ಣಾ?"

"ಆ ಮಾತು ನಾ ಅಂದೀನಿ. ಖರೇ ಐತಿ." ಅವನು ಹೆಗಲ ಮೇಲಿನ ಟವೆಲ್ಲು ಸರಿಮಾಡಿಕೊಂಡ. "ಆದ್ರ ಹಂಗ ಅಂದಿಲ್ಲ. ನಮ್ಮಪ್ಪನ ಕಾಲದಿಂದ ಆಕಿ ಮನಿತನದ ಕುರಿ ನಮ್ಮ ಗದ್ದ್ಯಾಗ ಮಲಗ್ಯಾವ. ಎರಡನೇ ಬೆಳಿಗೆ ಕಾಲುವ್ಯಾಗ ಜಲ್ದಿ ನೀರು ಬಿಡ್ತೀವಿ ಅಂದಿದ್ರು, ನಾಟಿ ಹಚ್ಚಬೇಕಾಗಿತ್ತು. ಬ್ಯಾಡ ಅನ್ನಾಕ ನನಗ ಬಾಯಿ ಬಂದಿದ್ದಿಲ್ಲ. ಹೋಗಲಿ ಬಿಡು, ನಿಮಗ ಟೈಮಿಲ್ಲ ಅಂತೀರಿ."

ಅವನ ದನಿಯಲ್ಲಿ ಸಿಟ್ಟು ಇರಲಿಲ್ಲ. ಸಿಟ್ಟಿದ್ದಿದ್ದರೆ ಮೌನೇಶ್ವರಿ ವಾದ ಮಾಡುತ್ತಿದ್ದಳು. ಮದುವೆಯವರ ಜೊತೆ ವಾದ ಮಾಡಿ ಅವಳಿಗೆ ಅಭ್ಯಾಸವಿತ್ತು. ಈಗ ಲ್ಯಾಪ್‌ಟಾಪ್ ಮುಚ್ಚಿ ಚೀಲಕ್ಕೆ ಹಾಕಿಕೊಂಡಳು. ಚಹಾ ಕುಡಿದು ಇಬ್ಬರೂ ಎದ್ದರು.

ದಾರಿಯಲ್ಲಿ ಗಂಗಾದೇವಿ, "ಕಳಸು ಅಂದಾರಲ್ಲಕ್ಕ. ಇರಲೇನು ಹಂಗಾ?" ಎಂದು ಹಿಂದಕ್ಕೆ ತಿರುಗದೆ ಕೇಳಿದಳು.

"ನಿಮ್ಮವ್ವ ಮುಂದಿನ ವರ್ಷ ಮತ್ತ ಕೇಳಾಕ ಅದಾ ಬದುವಿನ ಮ್ಯಾಲ ನಿಲ್ಲಬೇಕು," ಎಂದಳು ಮೌನೇಶ್ವರಿ. "ಅದು ಒಂದು. ಇನ್ನೊಂದು, ನಾ ತಪ್ಪು ಜಾಗದಾಗ ಅವಸರ ಮಾಡೀನಿ. ನಡಿ, ಕಂಪ್ಯೂಟರ್ ಹಚ್ಚೂಣು."

ಕೋಣೆಗೆ ಬಂದವಳೇ ಬದಿಗಿಟ್ಟಿದ್ದ ಅಸಲು ಜೋಡಣೆಯನ್ನು ತೆರೆದು ಗದ್ದೆಯ ದೃಶ್ಯವನ್ನು ಕತ್ತರಿಯ ಕಣ್ಣಿಲ್ಲದೆ ನೋಡಿದಳು. ಹೊನ್ನೂರಮ್ಮ ಪ್ರಶ್ನೆ ಕೇಳುತ್ತಾಳೆ. ಯಮನೂರಪ್ಪ ಅವಳ ಮುಖ ನೋಡುವುದಿಲ್ಲ. ಬಗ್ಗಿ ಒಂದು ಮಣ್ಣಿನ ಹೆಂಟೆ ಎತ್ತಿ ಬೆರಳಲ್ಲಿ ಪುಡಿ ಮಾಡುತ್ತಾನೆ. ಕುರಿಗಳ ಕಡೆ ನೋಡುತ್ತಾನೆ. ಕಾಲುವೆಯ ಕಡೆ ನೋಡುತ್ತಾನೆ. ಏನೋ ಹೇಳಲು ಹೋಗಿ ನಿಲ್ಲಿಸುತ್ತಾನೆ. ದೂರದಲ್ಲಿ ಎಲ್ಲೋ ಟ್ರ್ಯಾಕ್ಟರ್. ಒಂದು ಕುರಿ ಸೀನುತ್ತದೆ. ಆಮೇಲೆ, ಬಹಳ ಮೆಲ್ಲಗೆ, "ಈ ಸಾರಿ ಬ್ಯಾಡಬೇ. ಎರಡನೇ ಬೆಳಿಗೆ ನೀರು ಬಿಡ್ತಾರಂತ."

ಅವನು ಬಾಯಿ ತೆರೆಯುವ ಮೊದಲೇ ಹೊನ್ನೂರಮ್ಮನಿಗೆ ಉತ್ತರ ಗೊತ್ತಾಗಿತ್ತು. ಅದು ಅವಳ ಮುಖದ ಮೇಲೆಯೇ ಇತ್ತು. ಮೌನೇಶ್ವರಿ ಮೊದಲ ಸಲ ನೋಡಿದಾಗ ಆ ಮೌನವನ್ನು ಸುಮ್ಮನೆ ಹೋಗುವ ಹೊತ್ತು ಎಂದು ತಿಳಿದಿದ್ದಳು.

"ಇಲ್ಲೇ ಐತಿ ಸಿನಿಮಾ," ಎಂದಳು. "ಇಬ್ರಿಗೂ ಬ್ಯಾಡಾಗ್ಯದ, ಆದ್ರೂ ಹೇಳಬೇಕು. ಅದನ್ನ ಕತ್ತರಿಸಿ ಒಗದು ಕೊಳಲು ಊದೀನಿ ನೋಡು."

ಕೊಳಲನ್ನು ಮೊದಲು ತೆಗೆದಳು. ಮೌನವನ್ನು ಇದ್ದಷ್ಟೂ ತಂದು ಕೂರಿಸಿದಳು. ನೀರಿನ ಮಾತನ್ನೂ ಸೇರಿಸಿದಳು. ಪರದೆಯ ಮೂಲೆಯ ಅಂಕಿ ಹತ್ತು ನಿಮಿಷ ದಾಟಿ ಇಪ್ಪತ್ತೈದು ಸೆಕೆಂಡಿಗೆ ಹೋಗಿ ನಿಂತಿತು.

ಎಲ್ಲಿಂದ ತೆಗೆಯುವುದು? ಅಲ್ಲೊಂದು ಇಲ್ಲೊಂದು ಚೂರು ಕೆರೆದು ನೋಡಿದರು. ಸಾಲಗುಂದದಲ್ಲಿ ಕುರಿ ಮಲಗುವುದನ್ನು ಕತ್ತರಿಸಿದರೆ ಕೊನೆ ಓಡಿದಂತಾಯಿತು, ಹಿಂದಕ್ಕೆ ಹಾಕಿದರು. ದಾರಿಯಲ್ಲಿ ಇನ್ನೆರಡು ಶಾಟು ಹೋದರೆ ಮಸ್ಕಿ ಎಲ್ಲಿ ಬಂತು, ಎಲ್ಲಿ ಹೋಯಿತು ತಿಳಿಯಲಿಲ್ಲ. ಕೆಳಗೆ ಬರುವ ಇಂಗ್ಲಿಷ್ ಸಬ್‌ಟೈಟಲ್ ಓದುವಷ್ಟಾದರೂ ಮಾತಿನ ಶಾಟು ನಿಲ್ಲಬೇಕಲ್ಲ, ಅಲ್ಲಿಯೂ ಕೈ ಹಾಕುವಂತಿರಲಿಲ್ಲ. ಮೌನೇಶ್ವರಿ ಕುರ್ಚಿಗೆ ಒರಗಿದಳು. ಯಾವುದು ಹೋಗಬೇಕೆಂದು ಅವಳಿಗೆ ಗೊತ್ತಿತ್ತು. ತಾನು ಹೇಳಬಾರದು ಎನ್ನುವುದೂ ಗೊತ್ತಿತ್ತು.

ಗಂಗಾದೇವಿ ಶುರುವಿನಿಂದ ಇನ್ನೊಂದು ಸಲ ಓಡಿಸಿ ನೋಡಿದಳು. "ಬೆಟ್ಟದ್ದು ತಗಿ," ಎಂದಳು ಕೊನೆಗೆ.

"ವಿಚಾರ ಮಾಡಿ ಹೇಳಾಕತ್ತೀಯೇನು?"

"ತಗಿ ಅಕ್ಕ. ನಾ ಅಡ್ಡ ಮಾತಾಡೂದ್ರಾಗ ತಗದುಬಿಡು."

ಬಿಳಿ ದಾರ ಹೋಯಿತು. ಈಗ ಸಿನಿಮಾ ಹೊನ್ನೂರಮ್ಮನ ಕೈಯಿಂದಲೇ ಶುರುವಾಯಿತು: ಗಂಟು ಕಟ್ಟುವ ಕೈ, ಹಿಂದೆ ಕುರಿಗಳ ಗದ್ದಲ, "ಗೊರೇಬಾಳಕ್ಕ ಹೋಗಿ ಕೇಳ್ತೀನಿ, ಏನಂತಾರ ನೋಡೂಣು" ಎನ್ನುವ ಮಾತು. ಇಬ್ಬರೂ ಮೊದಲಿನಿಂದ ನೋಡಿದರು. ಗಂಗಾದೇವಿ ಅರ್ಧದಲ್ಲೇ ಬಾಯಿಯ ಮೇಲೆ ಕೈ ಇಟ್ಟುಕೊಂಡಳು.

"ಜಲ್ದಿ ಒಳಗ ಹೋದಂಗಾತಲ್ಲಕ್ಕ. ಅದು ಮೊದಲಾ ಹೋಗಬೇಕಾಗಿತ್ತು."

"ಚಂದ ಇರೋವು ಬಾಗಲದಾಗಾ ನಿಂತಬಿಡ್ತಾವ, ಒಳಗ ಬಿಡಂಗಿಲ್ಲ," ಎಂದು ಮೌನೇಶ್ವರಿ ನಕ್ಕಳು. ಆಮೇಲೆ ಗದ್ದೆಗೆ ಮುಂಚಿನ ಶಾಟುಗಳನ್ನು ಒಂದಿಷ್ಟು ಬಿಗಿ ಮಾಡಿದಳು. ಹಿಂದೆ ಅವಸರವಿದ್ದಷ್ಟೂ ಮುಂದಿನ ನಿಲುಗಡೆ ಉದ್ದವಾಗಿ ಕಾಣುತ್ತದೆ. ಅದು ಅವಳ ಕೈಗೆ ಗೊತ್ತಿದ್ದ ಲೆಕ್ಕ. ಇನ್ನು ಯಾವ ಶಾಟನ್ನೂ ಮುಟ್ಟುವುದಿಲ್ಲ ಎಂದು ಇಬ್ಬರೂ ಒಪ್ಪಿದ ಮೇಲೆ ಸದ್ದನ್ನು ಹದಗೊಳಿಸಿ, ಸಬ್‌ಟೈಟಲ್ ಕೂರಿಸಿ, ಟಿವಿಯಲ್ಲಿ ದೂರ ನಿಂತು ಒಂದು ಸಲ ಪೂರ್ತಿ ನೋಡಿ ಕಳಿಸಿದರು. ಗಂಗಾದೇವಿ ಅದರ ಪ್ರತಿಯನ್ನು ಯಮನೂರಪ್ಪನ ಮೊಬೈಲಿಗೂ ಕಳಿಸಿದಳು. ಲಕ್ಷ್ಮಿದೇವಿ ಫೋನ್ ಮಾಡಿ, ಮೂರು ಸಾರಿ ನೋಡ್ಯಾರ ಎಂದಳು.

ಲಿಂಗಸುಗೂರಿನ ಕಾಲೇಜಿನ ಸಭಾಂಗಣ ಮಧ್ಯಾಹ್ನದ ಹೊತ್ತಿಗೆ ತುಂಬಿತ್ತು. ಹೊನ್ನೂರಮ್ಮ ಮಗಳ ಪಕ್ಕದಲ್ಲಿ ಕುಳಿತಿದ್ದಳು. ಪಂಪಣ್ಣ ಮೇಷ್ಟ್ರು ಮುಖ ಬಿಗಿದುಕೊಂಡೇ ಬಂದಿದ್ದರು. ಮೌನೇಶ್ವರಿ ಹಿಂದಿನ ಗೋಡೆಗೆ ಒರಗಿ, ಎಂದಿನಂತೆ ಪರದೆಗೆ ಬೆನ್ನಾಗಿ ಅಲ್ಲದಿದ್ದರೂ ಜನರ ಕಡೆಗೇ ಹೆಚ್ಚು ನೋಡುತ್ತ ನಿಂತಳು.

ಗದ್ದೆಯ ಪ್ರಶ್ನೆ ಬಂತು. ಯಮನೂರಪ್ಪ ಹೆಂಟೆ ಎತ್ತಿದ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು, ಒಂದು ಮೊಬೈಲು ಹೊಡೆದುಕೊಂಡಿತು. ಮೌನೇಶ್ವರಿ ಆ ಸಾಲಿನ ಕಡೆ ಕತ್ತು ಚಾಚಿದಳು. ಉದ್ದವಾಯಿತೇ? ಮೊಬೈಲು ಬಂದ್ ಆಯಿತು. ನಗು ಅಲ್ಲೇ ಸತ್ತಿತು. ಯಮನೂರಪ್ಪ ಕಾಲುವೆಯ ಕಡೆ ನೋಡಿದಾಗ ಸಾಲು ಸಾಲಾಗಿ ತಲೆಗಳು ನಿಶ್ಚಲವಾದವು. ಫ್ಯಾನಿನ ಸದ್ದು ಕೇಳಿಸಿತು. ಕುರಿ ಸೀನಿತು, ಯಾರೂ ನಗಲಿಲ್ಲ. ಅವನು "ಈ ಸಾರಿ ಬ್ಯಾಡಬೇ" ಎಂದಾಗ ಹೆಂಗಸರ ಸಾಲಿನಿಂದ ಒಂದು ಉದ್ದನೆಯ ಉಸಿರು ಹೊರಬಂತು. ಮೌನೇಶ್ವರಿ ಗೋಡೆ ಬಿಟ್ಟು ನೆಟ್ಟಗೆ ನಿಂತಳು.

ಮೊದಲ ಬಹುಮಾನ ಬೇರೆಯವರಿಗೆ ಹೋಯಿತು. ಗಂಗಾದೇವಿಯ ಸಿನಿಮಾಕ್ಕೆ ಎರಡನೆಯದು ಬಂತು, ಸಂಕಲನಕ್ಕೆ ಬೇರೆಯಾಗಿ ಒಂದು ಬಹುಮಾನ. ವೇದಿಕೆಯ ಮೇಲೆ ತೀರ್ಪುಗಾರ್ತಿಯೊಬ್ಬರು ಮೌನೇಶ್ವರಿಯನ್ನು, "ಹತ್ತು ನಿಮಿಷದ ಚಿತ್ರದಲ್ಲಿ ಅಷ್ಟು ಹೊತ್ತು ಸುಮ್ಮನಿರುವ ಧೈರ್ಯ ಹೇಗೆ ಬಂತು?" ಎಂದು ಕೇಳಿದರು.

"ಧೈರ್ಯ ನಂದಲ್ರೀ," ಎಂದಳು ಮೌನೇಶ್ವರಿ ಮೈಕಿನಲ್ಲಿ. "ಮೊದಲು ನಾ ಕತ್ತರಿಸಿ ಒಗದಿದ್ದೆ. ಅವರ ಮನಿಗೆ ಹೋಗಿ ತೋರಿಸಿದ ಮ್ಯಾಲ ವಾಪಸ್ ಹಚ್ಚೀನಿ."

ಹೊರಗೆ ಪಂಪಣ್ಣ ಮೇಷ್ಟ್ರು ಗಂಗಾದೇವಿಯನ್ನು ತಡೆದು, ತನ್ನ ಮಾತಿನ ಭಾಗ ಬೇರೆಯಾಗಿ ಹಾಕಿಕೊಡಲು ಸಾಧ್ಯವೇ ಎಂದು ಕೇಳಿದರು. ಮೌನೇಶ್ವರಿಯೇ ಮುಂದೆ ಬಂದು, "ಅಸಲು ಹಂಗಾ ಇಟ್ಟೀನ್ರೀ ಸರ್. ಕಾಲುವೆ ಬಗ್ಗೆ ಬ್ಯಾರೇ ಸಿನಿಮಾನಾ ಮಾಡೂಣು, ನಡುವ ನೀವಾ ಕೂಡ್ರಿ," ಎಂದಳು. ಅವರ ಮುಖ ಸ್ವಲ್ಪ ಸಡಿಲವಾಯಿತು.

ಸಿಂಧನೂರಿನ ಬಸ್ಸಿನಲ್ಲಿ ತಾಯಿ, ಮಗಳು, ಮೌನೇಶ್ವರಿ ಮೂವರೂ ಒಂದೇ ಸೀಟಿನಲ್ಲಿ ಒತ್ತಿಕೊಂಡು ಕುಳಿತರು. ಗಂಗಾದೇವಿ ಆಗಲೇ ಮುಂದಿನ ಚಿತ್ರದ ಮಾತು ತೆಗೆದಿದ್ದಳು. ಈ ಸಲ ಮೊದಲೇ ನಡೆಯ ಚೀಟಿ ಬರೆದುಕೊಂಡು ಚಿತ್ರೀಕರಿಸುತ್ತಾಳಂತೆ. ಹೊನ್ನೂರಮ್ಮ ಕಿಟಕಿಯ ಹೊರಗೆ ನೋಡುತ್ತಿದ್ದಳು. ಮಸ್ಕಿ ಹತ್ತಿರ ಬಂದಾಗ ಇಳಿಯಲು ಎದ್ದು, ಮೌನೇಶ್ವರಿಯ ಹೆಗಲು ಹಿಡಿದು ಸಾವರಿಸಿಕೊಂಡು ಹೇಳಿದಳು.

"ಎಲ್ಲಾ ಬರೋಬ್ಬರಿ ಮಾಡೀಯವ್ವ. ಸಾಲಗುಂದದಾಗ ನಾ ರೊಟ್ಟಿ ಬಡಿಯೂದು ತೋರಿಸೀರಲ್ಲ, ಅದು ಒಂದು ಮಗ್ಗಲು ಕರಕಾಗಿತ್ತು. ಅದನ್ನರ ಕತ್ತರಿಸಬಾರದೇನು?"

ಬಸ್ಸು ನಿಂತಿತು. ಉತ್ತರಕ್ಕೆ ಕಾಯದೆ ಅವಳು ಸೆರಗು ಬಿಗಿದುಕೊಂಡು ಇಳಿದು, ಸಂತೆಕಲ್ಲೂರಿನ ಆಟೋಗಳ ಕಡೆ ಬಿರಬಿರನೆ ನಡೆದಳು. ಗಂಗಾದೇವಿ ಚೀಲ ಎತ್ತಿಕೊಂಡು ಅವಳ ಹಿಂದೆ ಓಡಿದಳು. ಮೌನೇಶ್ವರಿ ಸಿಂಧನೂರಿನವರೆಗೂ ಒಬ್ಬಳೇ ನಗುತ್ತ ಹೋದಳು.